ಮೀಟರ್ ಒಂದು ಹೇಳುತ್ತೆ, ಲ್ಯಾಬ್ ಇನ್ನೊಂದು ಹೇಳುತ್ತೆ: ಎರಡು ವಿಧಾನಗಳ ಹೊಂದಾಣಿಕೆ ಲೆಕ್ಕದಲ್ಲಿ ದೋಷ ಹುಡುಕುವ ಬಗೆ

ಒಬ್ಬ ಅಜ್ಜಿ ತಮ್ಮ ಗ್ಲೂಕೋಸ್ ಮೀಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಕೌಂಟರ್‌ಗೆ ಬಂದರು. "ನೋಡಪ್ಪಾ, ರಕ್ತ ತೆಗೆದ ಹೊತ್ತಿಗೇ ಬೆರಳು ಚುಚ್ಚಿ ನೋಡಿದ್ದೆ. ಇದು 154 ತೋರಿಸ್ತು. ನಿಮ್ಮ ಚೀಟೀಲಿ 140 ಅಂತ ಇದೆ. ಯಾವುದನ್ನ ನಂಬಲಿ?" ಎಂದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಒಂದು ಜೋಡಿ ಅಂಕಿ ಸಾಲದು. ಹಲವರ ರಕ್ತವನ್ನು ಎರಡೂ ವಿಧಾನದಲ್ಲಿ ಅಳೆದು, ವ್ಯತ್ಯಾಸ ಎಷ್ಟು, ಅದು ಎಷ್ಟರ ಮಟ್ಟಿಗೆ ಆಚೀಚೆ ಓಲಾಡುತ್ತದೆ ಎಂದು ನೋಡಬೇಕು. ಮಾರ್ಟಿನ್ ಬ್ಲಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ 1983ರಲ್ಲಿ, ಮತ್ತೆ 1986ರಲ್ಲಿ ವಿವರಿಸಿದ ಲೆಕ್ಕ ಇದೇ. ವ್ಯತ್ಯಾಸಗಳ ಸರಾಸರಿ ತೆಗೆಯುವುದು, ಅದರ ಎರಡೂ ಬದಿಗೆ ಹೊಂದಾಣಿಕೆಯ ಮಿತಿಗಳನ್ನು ಎಳೆಯುವುದು.

ಲೆಕ್ಕ ಸುಲಭ. ಲೆಕ್ಕದಿಂದ ಬಂದದ್ದನ್ನು ಓದುವಾಗ ಎಡವುವುದೇ ಜಾಸ್ತಿ. ಹಾಗಾಗಿ ಇಲ್ಲಿ ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಹೋಗೋಣ. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

## ಶುರು ಮಾಡುವ ಮೊದಲು ಎರಡು ಎಚ್ಚರಿಕೆ

ಹೋಲಿಕೆ ನಡೆಯುತ್ತಿರುವಾಗ ಯಾರದಾದರೂ ಗ್ಲೂಕೋಸ್ 70ಕ್ಕಿಂತ ಕೆಳಗೆ ಬಂದರೆ, ಅಥವಾ ತೀರಾ ಮೇಲೆ ಹೋಗಿದ್ದರೆ, ಹಾಳೆ ಪಕ್ಕಕ್ಕಿಡಿ. ಮೊದಲು ಡಾಕ್ಟರಿಗೆ ತಿಳಿಸಿ, ಆ ವ್ಯಕ್ತಿಯನ್ನು ನೋಡಿಕೊಳ್ಳಿ. ಹೋಲಿಕೆ ಮುಗಿಯುವ ತನಕ ಹೊಸ ಮೀಟರ್‌ನ ಅಂಕಿ ನೋಡಿ ಯಾರ ಇನ್ಸುಲಿನ್ ಪ್ರಮಾಣವನ್ನೂ ಬದಲಿಸಬಾರದು.

ಬೆರಳು ಚುಚ್ಚುವ ಸೂಜಿ ಒಬ್ಬರಿಗೆ ಒಂದೇ. ಸೂಜಿ ಬದಲಿಸಿದರೂ ಚುಚ್ಚುವ ಪೆನ್ ಒಂದೇ ಆಗಿದ್ದರೆ ಹೆಪಟೈಟಿಸ್ ಬಿ ಹರಡಬಹುದು. ಹಾಗಾಗಿ ಒಮ್ಮೆ ಬಳಸಿ ಎಸೆಯುವ ಲ್ಯಾನ್ಸೆಟ್ ಇಟ್ಟುಕೊಳ್ಳಿ. ಗ್ಲೌಸ್ ಹಾಕಿಕೊಳ್ಳಿ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬದಲಿಸಿ.

## ನಾವು ಬಳಸುವ ಹಾಳೆ

ಕೆಳಗಿನ ಪಟ್ಟಿಯಲ್ಲಿ 12 ಜನರ ಅಂಕಿಗಳಿವೆ. ಏಳನೆಯ ಸಾಲು ಆ ಅಜ್ಜಿಯದು. ಉಳಿದವನ್ನು ಲೆಕ್ಕ ತೋರಿಸಲೆಂದು ನಾನೇ ಜೋಡಿಸಿದ್ದೇನೆ. ನಿಜವಾದ ಮೀಟರ್ ಇದಕ್ಕಿಂತ ಜಾಸ್ತಿ ಓಲಾಡುತ್ತದೆ. ದೋಷದ ಆಕಾರ ಕಣ್ಣಿಗೆ ಸರಿಯಾಗಿ ಕಾಣಲಿ ಎಂದು ಆ ಓಲಾಟವನ್ನು ಕಡಿಮೆ ಇಟ್ಟಿದ್ದೇನೆ. ಎಲ್ಲವೂ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ವ್ಯತ್ಯಾಸ ಎಂದರೆ ಮೀಟರ್‌ನ ಅಂಕಿಯಿಂದ ಲ್ಯಾಬ್ ಅಂಕಿ ಕಳೆದಾಗ ಉಳಿಯುವುದು.

| ಸಾಲು | ಲ್ಯಾಬ್ | ಮೀಟರ್ | ವ್ಯತ್ಯಾಸ |
|---|---|---|---|
| 1 | 62 | 67 | 5 |
| 2 | 74 | 76 | 2 |
| 3 | 88 | 97 | 9 |
| 4 | 95 | 98 | 3 |
| 5 | 108 | 118 | 10 |
| 6 | 126 | 131 | 5 |
| 7 | 140 | 154 | 14 |
| 8 | 165 | 171 | 6 |
| 9 | 190 | 209 | 19 |
| 10 | 232 | 241 | 9 |
| 11 | 280 | 309 | 29 |
| 12 | 330 | 345 | 15 |

ಎಕ್ಸೆಲ್‌ನಲ್ಲಿ ಲ್ಯಾಬ್ ಅಂಕಿ B ಕಾಲಮ್ಮಿನಲ್ಲಿ, ಮೀಟರ್ C ಕಾಲಮ್ಮಿನಲ್ಲಿ ಇದೆ ಎಂದುಕೊಳ್ಳಿ. ಮೊದಲ ಸೂತ್ರವನ್ನು D2ನಲ್ಲಿ ಬರೆದು ಕೆಳಗೆ ಎಳೆಯಿರಿ. ಉಳಿದ ನಾಲ್ಕು F1ರಿಂದ F4ರವರೆಗೆ.

```
=C2-B2
=AVERAGE(D2:D13)
=STDEV.S(D2:D13)
=F1-1.96*F2
=F1+1.96*F2
```

ವ್ಯತ್ಯಾಸಗಳ ಸರಾಸರಿ 10.5 ಬರುತ್ತದೆ. ಅವು ಸರಾಸರಿಯಿಂದ ಎಷ್ಟು ಹರಡಿವೆ ಎಂದು ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಎಸ್‌ಡಿ, 7.75. ಅದನ್ನು 1.96ರಿಂದ ಗುಣಿಸಿದರೆ 15.2. ಹಾಗಾಗಿ ಕೆಳಗಿನ ಮಿತಿ −4.7, ಮೇಲಿನ ಮಿತಿ 25.7. ಇದೇ ಮೀಟರ್ ಮತ್ತು ಇದೇ ಲ್ಯಾಬಿನಲ್ಲಿ ಮುಂದೆಯೂ ಹೀಗೆ ಅಳೆದರೆ 100ರಲ್ಲಿ ಸುಮಾರು 95 ಜನರ ವ್ಯತ್ಯಾಸ ಈ ಎರಡು ಗೆರೆಗಳ ನಡುವೆ ಬೀಳಬೇಕು ಎಂಬುದು ಇದರ ಅರ್ಥ. ವ್ಯತ್ಯಾಸಗಳು ಸರಾಸರಿಯ ಸುತ್ತ ಗಂಟೆಯಾಕಾರದಲ್ಲಿ ಹರಡಿದ್ದರೆ ಮಾತ್ರ ಈ ಅರ್ಥ ನಿಲ್ಲುತ್ತದೆ. ಅದನ್ನು ಮುಂದೆ ನೋಡೋಣ.

ಒಂದು ಗ್ರಾಫ್ ಕೂಡ ಹಾಕಿ. ಅಡ್ಡ ಗೆರೆಯಲ್ಲಿ ಎರಡು ಅಂಕಿಗಳ ಸರಾಸರಿ, ಉದ್ದ ಗೆರೆಯಲ್ಲಿ ವ್ಯತ್ಯಾಸ. ಅಡ್ಡ ಗೆರೆಗೆ ಲ್ಯಾಬ್ ಅಂಕಿಯನ್ನೊಂದೇ ಹಾಕೋಣ ಅನ್ನಿಸಬಹುದು. ಬೇಡ. ಲ್ಯಾಬ್ ಅಂಕಿ ವ್ಯತ್ಯಾಸದ ಒಳಗೂ ಇದೆ, ಅಡ್ಡ ಗೆರೆಯಲ್ಲೂ ಇದೆ ಎಂದಾದರೆ, ಲ್ಯಾಬ್‌ನ ಸಣ್ಣ ಏರಿಳಿತವೇ ಗ್ರಾಫಿನಲ್ಲಿ ಇಲ್ಲದ ಇಳಿಜಾರೊಂದನ್ನು ಹುಟ್ಟಿಸುತ್ತದೆ.

## ಲಕ್ಷಣ: "ಕೋರಿಲೇಷನ್ 0.998 ಬಂದಿದೆ, ಆದರೂ ರಿಪೋರ್ಟ್‌ಗಳು ಹೊಂದುತ್ತಿಲ್ಲ"

ಇದು ಅತ್ಯಂತ ಸಾಮಾನ್ಯ. ನಮ್ಮ ಪಟ್ಟಿಯಲ್ಲೂ ಕೋರಿಲೇಷನ್ ಲೆಕ್ಕ ಹಾಕಿದರೆ `r = 0.998` ಬರುತ್ತದೆ. ನೋಡಿದ ತಕ್ಷಣ ಎರಡೂ ಒಂದೇ ಅನ್ನಿಸುತ್ತೆ, ಅಲ್ವಾ? ಆದರೆ 12 ಸಾಲಿನಲ್ಲೂ ಮೀಟರೇ ಮೇಲಿದೆ. ಒಂದು ಕಡೆ 29 ಮಿಲಿಗ್ರಾಂ ಮೇಲಿದೆ.

ಒಂದು ಏರಿದಾಗ ಇನ್ನೊಂದೂ ಏರುತ್ತದೆಯೇ ಎಂಬುದನ್ನಷ್ಟೇ ಕೋರಿಲೇಷನ್ ಹೇಳುತ್ತದೆ. ಮೀಟರ್‌ನ ಎಲ್ಲ ಅಂಕಿಗೂ 50 ಸೇರಿಸಿ ನೋಡಿ, 0.998 ಅಲ್ಲಾಡುವುದಿಲ್ಲ. ಎಲ್ಲವನ್ನೂ ಎರಡರಿಂದ ಗುಣಿಸಿ, ಆಗಲೂ ಅಷ್ಟೇ. ಜೊತೆಗೆ ಇನ್ನೊಂದು ವಿಷಯ. 62ರಿಂದ 330ರವರೆಗೆ ಹರಡಿದ ಜನರನ್ನು ತೆಗೆದುಕೊಂಡರೆ ಕೋರಿಲೇಷನ್ ತಾನಾಗಿಯೇ ಮೇಲೆ ಹೋಗುತ್ತದೆ. 90ರಿಂದ 130ರ ಒಳಗಿನವರನ್ನು ಮಾತ್ರ ಆರಿಸಿದರೆ ಅದೇ ಮೀಟರ್, ಅದೇ ಲ್ಯಾಬ್ ಇದ್ದರೂ ಅದು ಸಾಮಾನ್ಯವಾಗಿ ಕೆಳಗಿಳಿಯುತ್ತದೆ.

ಬ್ಲಾಂಡ್ ಮತ್ತು ಆಲ್ಟ್‌ಮನ್ ತಮ್ಮ 1986ರ ಬರಹದಲ್ಲಿ ಕೊಟ್ಟ ಉದಾಹರಣೆ ಉಸಿರಿನ ವೇಗ ಅಳೆಯುವ ಎರಡು ಮೀಟರ್‌ಗಳದ್ದು. 17 ಜನರಲ್ಲಿ ಅಳೆದಾಗ ಕೋರಿಲೇಷನ್ 0.94 ಇತ್ತು. ವ್ಯತ್ಯಾಸಗಳ ಸರಾಸರಿ ನಿಮಿಷಕ್ಕೆ ಎರಡು ಲೀಟರ್ ಮಾತ್ರ. ಆದರೆ ಮಿತಿಗಳು ಸುಮಾರು −80ರಿಂದ +76ರವರೆಗೆ ಚಾಚಿಕೊಂಡಿದ್ದವು. ಅಂದರೆ ಒಂದೇ ವ್ಯಕ್ತಿಗೆ ಒಂದು ಮೀಟರ್ ಇನ್ನೊಂದಕ್ಕಿಂತ 80 ಲೀಟರ್ ಕಡಿಮೆ ತೋರಿಸಬಹುದು.

ಮಾಡಬೇಕಾದ್ದು ಇಷ್ಟೇ. ಆ ಸಂಖ್ಯೆಯನ್ನು ಪಕ್ಕಕ್ಕಿಟ್ಟು ವ್ಯತ್ಯಾಸಗಳ ಕಾಲಮ್ ತೆರೆಯಿರಿ.

## ಲಕ್ಷಣ: ಸರಾಸರಿ ವ್ಯತ್ಯಾಸ ವಿಚಿತ್ರವಾಗಿದೆ

ಮೊದಲು ಕಾಗದದ ತಪ್ಪು ಹುಡುಕಿ. ಐದು ನಿಮಿಷದ ಕೆಲಸ. ಯಾವುದರಿಂದ ಯಾವುದನ್ನು ಕಳೆದಿದ್ದೀರಿ? ಕೆಲವು ಸಾಲಿನಲ್ಲಿ ಮೀಟರಿನಿಂದ ಲ್ಯಾಬ್, ಕೆಲವು ಸಾಲಿನಲ್ಲಿ ಲ್ಯಾಬಿನಿಂದ ಮೀಟರ್ ಕಳೆದರೆ ಸರಾಸರಿ ಸೊನ್ನೆಯ ಹತ್ತಿರ ಬಂದು ಕೂರುತ್ತದೆ. ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಎಸ್‌ಡಿ ಉಬ್ಬಿರುತ್ತದೆ. ಮೀಟರ್ ಮಿಲಿಮೋಲ್ ಲೆಕ್ಕದಲ್ಲಿ ಅಳೆಯುವಂತೆ ಹೊಂದಿಸಿದ್ದರೆ ಅಂಕಿ ಸುಮಾರು 18 ಪಟ್ಟು ಚಿಕ್ಕದಾಗಿ ಬರುತ್ತದೆ. 140ರ ಜಾಗದಲ್ಲಿ 7.8 ಕಂಡರೆ ಇದೇ ಕಾರಣ. ಎಸ್‌ಡಿಗೆ `STDEV.S` ಬದಲು `STDEV.P` ಹಾಕಿದ್ದರೆ ಮಿತಿಗಳು ಸ್ವಲ್ಪ ಕಿರಿದಾಗುತ್ತವೆ. ಸ್ಯಾಂಪಲ್ ಕಡಿಮೆ ಇದ್ದಷ್ಟೂ ಈ ತಪ್ಪು ದೊಡ್ಡದು.

ಇವೆಲ್ಲ ಸರಿ ಇದ್ದೂ ಸರಾಸರಿ ಸೊನ್ನೆಯಿಂದ ದೂರ ಇದ್ದರೆ, ಒಂದು ವಿಧಾನ ಇನ್ನೊಂದಕ್ಕಿಂತ ನಿರಂತರವಾಗಿ ಮೇಲೋ ಕೆಳಗೋ ಓದುತ್ತಿದೆ ಎಂದರ್ಥ. ಇಲ್ಲಿ ಬಹಳ ಜನ ಒಂದು ಅವಸರದ ಕೆಲಸ ಮಾಡುತ್ತಾರೆ. "ಹಾಗಾದರೆ ಮೀಟರಿನಿಂದ 10.5 ಕಳೆದುಬಿಡೋಣ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಂದಿನ ಲಕ್ಷಣಗಳನ್ನು ನೋಡದೆ ಕಳೆದರೆ, ದೋಷ ಇದ್ದಲ್ಲೇ ಇರುತ್ತದೆ, ಅದರ ಗುರುತು ಮಾತ್ರ ಅಳಿಸಿಹೋಗುತ್ತದೆ.

ಸರಾಸರಿ ಸೊನ್ನೆ ಬಂದರೂ ನೆಮ್ಮದಿ ಬೇಡ. ಅರ್ಧ ಜನರಿಗೆ 20 ಜಾಸ್ತಿ, ಇನ್ನರ್ಧ ಜನರಿಗೆ 20 ಕಡಿಮೆ ಇದ್ದರೂ ಸರಾಸರಿ ಸೊನ್ನೆಯೇ. ಅದಕ್ಕೇ ಸರಾಸರಿಯ ಜೊತೆ ಮಿತಿಗಳನ್ನೂ ಬರೆಯುವುದು.

## ಲಕ್ಷಣ: ಒಂದು ಚುಕ್ಕೆ ಮಾತ್ರ ಎಲ್ಲೋ ದೂರ ಕೂತಿದೆ

ನಮ್ಮ ಪಟ್ಟಿಯ 11ನೆಯ ಸಾಲು, 29ರ ವ್ಯತ್ಯಾಸ, ಮೇಲಿನ ಮಿತಿಯನ್ನು ದಾಟಿದೆ. ಇಂಥ ಚುಕ್ಕೆ ಕಂಡರೆ ಮೊದಲು ರಿಜಿಸ್ಟರ್ ತೆಗೆಯಿರಿ. 132 ಹೋಗಿ 312 ಆಗಿದೆಯೇ, ಒಬ್ಬರ ಲೇಬಲ್ ಇನ್ನೊಬ್ಬರ ಟ್ಯೂಬಿಗೆ ಅಂಟಿದೆಯೇ ನೋಡಿ. ಆಮೇಲೆ ಬೆರಳಿನ ಬಗ್ಗೆ ಕೇಳಿ. ಮಾವಿನಹಣ್ಣು ತಿಂದ ಕೈ, ಬೆಲ್ಲ ಮುಟ್ಟಿದ ಕೈ ತೊಳೆಯದೆ ಚುಚ್ಚಿದರೆ ಆ ಸಿಹಿಯೂ ರಕ್ತದ ಹನಿಯ ಜೊತೆ ಮೀಟರಿಗೆ ಹಾಕುವ ಸ್ಟ್ರಿಪ್‌ಗೆ ಹೋಗುತ್ತದೆ. ಮೀಟರ್ ತಪ್ಪಾಗಿ ಮೇಲೆ ಓದುತ್ತದೆ. ಸೋಪು ನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಚುಚ್ಚಿದರೆ ಗೊತ್ತಾಗುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದೇ ಇತ್ತೇ, ಅವಧಿ ಮುಗಿದಿತ್ತೇ ಎಂದೂ ನೋಡಿ.

ಕಾರಣ ಸಿಕ್ಕಿ, ಅದು ಬರಹದಲ್ಲಿ ದಾಖಲಾಗಿದ್ದರೆ ಮಾತ್ರ ಆ ಸಾಲನ್ನು ತೆಗೆಯಬಹುದು. ಕಾರಣ ಸಿಗದಿದ್ದರೆ ಉಳಿಸಿಕೊಳ್ಳಬೇಕು. ಅದು ಇದ್ದಾಗ ಮಿತಿ ಎಷ್ಟು, ಇಲ್ಲದಿದ್ದಾಗ ಎಷ್ಟು ಎಂದು ಎರಡನ್ನೂ ಬರೆಯಿರಿ. ಮಿತಿಯ ಆಚೆ ಬಿತ್ತು ಎಂಬುದೊಂದೇ ಕಾರಣಕ್ಕೆ ಅಳಿಸಿದರೆ, ಮುಂದೆ ಯಾವುದೋ ರೋಗಿಗೆ ಬರಲಿರುವ ಅದೇ ತಪ್ಪನ್ನು ನಾವೇ ಮುಚ್ಚಿಟ್ಟ ಹಾಗೆ.

ನಮ್ಮ 11ನೆಯ ಸಾಲಿನಲ್ಲಿ ಬರೆಯುವ ತಪ್ಪೂ ಇಲ್ಲ, ಸಿಹಿ ಕೈಯೂ ಇಲ್ಲ ಎಂದುಕೊಳ್ಳೋಣ. ಹಾಗಾದರೆ ಮುಂದಕ್ಕೆ ಹೋಗಬೇಕು.

## ಲಕ್ಷಣ: ಚುಕ್ಕೆಗಳು ಬೀಸಣಿಗೆಯಂತೆ ಅಗಲವಾಗುತ್ತಾ ಹೋಗುತ್ತವೆ

ಗ್ರಾಫಿನ ಎಡಗಡೆ, ಗ್ಲೂಕೋಸ್ ಕಡಿಮೆ ಇರುವಲ್ಲಿ, ವ್ಯತ್ಯಾಸ 2ರಿಂದ 9. ಬಲಗಡೆ 9ರಿಂದ 29. ಅಂದರೆ ಗ್ಲೂಕೋಸ್ ಹೆಚ್ಚಾದಂತೆ ವ್ಯತ್ಯಾಸವೂ ದೊಡ್ಡದಾಗುತ್ತಿದೆ. ಇಂಥಲ್ಲಿ −4.7ರಿಂದ 25.7 ಎಂಬ ಒಂದೇ ಜೋಡಿ ಮಿತಿ ಎರಡೂ ತುದಿಯಲ್ಲಿ ಸುಳ್ಳು ಹೇಳುತ್ತದೆ. 62 ಇರುವ ವ್ಯಕ್ತಿಗೆ ಮೀಟರ್ 88 ತೋರಿಸಬಹುದು ಎಂದು ಅದು ಹೆದರಿಸುತ್ತದೆ. ನಿಜವಾಗಿ ಅಲ್ಲಿ ಬಂದ ವ್ಯತ್ಯಾಸ 5 ಮಾತ್ರ. 280ರ ಹತ್ತಿರ ಅದೇ ಮಿತಿ ತೀರಾ ಕಿರಿದು. ನಾವು ದೂರ ಕೂತಿದೆ ಎಂದುಕೊಂಡ 11ನೆಯ ಚುಕ್ಕೆ ಹೊರಗೆ ಬಿದ್ದದ್ದು ಹೀಗೆ.

ಪರಿಹಾರ: ವ್ಯತ್ಯಾಸವನ್ನು ಶೇಕಡಾ ಲೆಕ್ಕಕ್ಕೆ ತನ್ನಿ. ಎರಡು ಅಂಕಿಗಳ ಸರಾಸರಿಗೆ ವ್ಯತ್ಯಾಸ ಶೇಕಡಾ ಎಷ್ಟು? D2ರ ಹಳೆಯ ಸೂತ್ರದ ಜಾಗದಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ.

```
=100*(C2-B2)/AVERAGE(B2:C2)
```

ಸಾಲಿನ ಪ್ರಕಾರ ಹೀಗೆ ಬರುತ್ತದೆ: 7.8, 2.7, 9.7, 3.1, 8.8, 3.9, 9.5, 3.6, 9.5, 3.8, 9.8, 4.4. ಸರಾಸರಿ ಶೇ. 6.4, ಎಸ್‌ಡಿ 3.0. ಮಿತಿಗಳು ಶೇ. 0.5ರಿಂದ ಶೇ. 12.3. ಈಗ 11ನೆಯ ಸಾಲು 9.8ರಲ್ಲಿ ಆರಾಮವಾಗಿ ಒಳಗಿದೆ. ಅದನ್ನು ಮೊದಲೇ ಅಳಿಸಿದ್ದರೆ ಸುಮ್ನೆ ಒಂದು ಒಳ್ಳೆಯ ಅಂಕಿ ಕಳೆದುಕೊಳ್ಳುತ್ತಿದ್ದೆವು.

ಒಂದು ಮಾತು. ಗ್ಲೂಕೋಸ್ ತೀರಾ ಕಡಿಮೆ ಇರುವಲ್ಲಿ ಎರಡು ಮೂರು ಮಿಲಿಗ್ರಾಂ ಓಲಾಟವೂ ಶೇಕಡಾದಲ್ಲಿ ದೊಡ್ಡದಾಗಿ ಕಾಣುತ್ತದೆ. ಮನೆಯಲ್ಲಿ ಬಳಸುವ ಮೀಟರ್‌ಗಳ ಐಎಸ್‌ಒ 15197 ಮಾನದಂಡದ 2013ರ ಆವೃತ್ತಿ ಇದನ್ನು ಗಮನಿಸಿದೆ. 100ಕ್ಕಿಂತ ಕೆಳಗೆ 15 ಮಿಲಿಗ್ರಾಂ ಒಳಗೆ, 100 ಮತ್ತು ಅದಕ್ಕಿಂತ ಮೇಲೆ ಶೇ. 15ರ ಒಳಗೆ ಶೇ. 95ರಷ್ಟು ಫಲಿತಾಂಶಗಳು ಇರಬೇಕು ಎನ್ನುತ್ತದೆ. ನಿಮ್ಮ ಹೋಲಿಕೆಯಲ್ಲೂ ಕೆಳಗಿನ ಮತ್ತು ಮೇಲಿನ ಭಾಗವನ್ನು ಬೇರೆ ಮಾಡಿ ನೋಡುವುದು ಒಳ್ಳೆಯದು. ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದನ್ನು ಅಂಕಿಗಳನ್ನು ನೋಡುವ ಮೊದಲೇ ಬರೆದಿಡಿ. ನೋಡಿದ ಮೇಲೆ ಬರೆದರೆ ಬಂದದ್ದೆಲ್ಲ ಒಪ್ಪಿಗೆ ಅನ್ನಿಸತೊಡಗುತ್ತದೆ.

ಆ ಮಾನದಂಡದಿಂದ ನೋಡಿದರೆ ನಮ್ಮ 12ಕ್ಕೆ 12 ಸಾಲೂ ಪಾಸ್. ಆದರೂ ಇಲ್ಲಿ ಒಂದು ದೋಷ ಅಡಗಿದೆ.

## ಲಕ್ಷಣ: ಚುಕ್ಕೆಗಳು ಎರಡು ಸಾಲಾಗಿ ಬೇರ್ಪಟ್ಟಿವೆ

ಶೇಕಡಾ ಅಂಕಿಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಒಂದು ಗುಂಪು 2.7ರಿಂದ 4.4ರ ನಡುವೆ. ಇನ್ನೊಂದು 7.8ರಿಂದ 9.8ರ ನಡುವೆ. ನಡುವೆ 5, 6, 7ರ ಜಾಗದಲ್ಲಿ ಒಂದೂ ಇಲ್ಲ. ಸರಾಸರಿ 6.4 ಅಂದೆವಲ್ಲ, ಅಷ್ಟು ವ್ಯತ್ಯಾಸ ನಿಜವಾಗಿ ಯಾರಿಗೂ ಬಂದಿಲ್ಲ. ಗಂಟೆಯಾಕಾರ ಇಲ್ಲಿ ಇಲ್ಲ, ಎರಡು ಗುಡ್ಡ ಇದೆ.

ಇಂಥದ್ದು ಕಂಡರೆ ಅಳತೆಯಲ್ಲಿ ಎರಡು ಬಗೆಯ ಪರಿಸ್ಥಿತಿ ಬೆರೆತಿದೆ ಎಂದು ತಿಳಿಯಿರಿ. ಎರಡು ಬ್ಯಾಚಿನ ಸ್ಟ್ರಿಪ್‌ಗಳಿರಬಹುದು. ಇಬ್ಬರು ಟೆಕ್ನಿಷಿಯನ್ ಇರಬಹುದು. ಕೆಲವರು ಉಪವಾಸದಲ್ಲಿ, ಕೆಲವರು ಊಟದ ನಂತರ ಬಂದಿರಬಹುದು. ಊಟ ಆದಮೇಲೆ ಬೆರಳಿನ ರಕ್ತದಲ್ಲಿ ಗ್ಲೂಕೋಸ್ ತೋಳಿನ ರಕ್ತನಾಳದ ರಕ್ತಕ್ಕಿಂತ ಜಾಸ್ತಿ ಇರುತ್ತದೆ. ಅದು ಯಾವ ಯಂತ್ರದ ತಪ್ಪೂ ಅಲ್ಲ, ದೇಹ ಇರುವುದೇ ಹಾಗೆ. ಈ ಒಂದೊಂದಕ್ಕೂ ಪಟ್ಟಿಯಲ್ಲಿ ಒಂದು ಕಾಲಮ್ ಸೇರಿಸಿ, ಗುಂಪಿನ ಪ್ರಕಾರ ಸರಾಸರಿ ತೆಗೆದರೆ ಸಾಕು. ಯಾವ ಕಾಲಮ್ಮಿನಲ್ಲಿ ಎರಡು ಸರಾಸರಿಗಳು ದೂರ ದೂರ ನಿಲ್ಲುತ್ತವೋ ಅಲ್ಲಿ ಅನುಮಾನ ಇಡಿ. ನಿಜವಾದ ಮೀಟರ್‌ನಲ್ಲಿ ಗುಂಪುಗಳು ಒಂದರೊಳಗೊಂದು ಬೆರೆತು ಕಾಣುವುದರಿಂದ, ಕಣ್ಣಿಗಿಂತ ಈ ಗುಂಪಿನ ಸರಾಸರಿಗಳೇ ಹೆಚ್ಚು ನಂಬಿಕೆಗೆ ಅರ್ಹ.

ನಾನು ಮೊದಲು ನೋಡುವ ಕಾಲಮ್ ಸಮಯದ್ದು. ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಟ್ಯೂಬನ್ನು ವೇಗವಾಗಿ ತಿರುಗಿಸಿ, ಅಂದರೆ ಸ್ಪಿನ್ ಮಾಡಿ, ರಕ್ತಕಣಗಳನ್ನು ಬೇರೆ ಮಾಡುವ ಸೆಂಟ್ರಿಫ್ಯೂಜಿಗೆ ಅದು ಹೋದದ್ದು ಎಷ್ಟು ಗಂಟೆಗೆ? ನಮ್ಮ ಪಟ್ಟಿಯಲ್ಲಿ 1, 3, 5, 7, 9, 11ನೆಯ ಸಾಲುಗಳ ಟ್ಯೂಬ್‌ಗಳು ಟ್ರೇಯಲ್ಲಿ ಸುಮಾರು ಒಂದು ಗಂಟೆ ಕಾದಿದ್ದವು ಎಂದುಕೊಳ್ಳಿ. ಉಳಿದ ಆರು ತಕ್ಷಣ ಸ್ಪಿನ್ ಆಗಿದ್ದವು. ಕಾದವುಗಳ ಸರಾಸರಿ ವ್ಯತ್ಯಾಸ ಶೇ. 9.2. ತಕ್ಷಣ ಆದವುಗಳದ್ದು ಶೇ. 3.6. ಇವೆರಡರ ನಡುವೆ 5.6ರ ಅಂತರ.

ಈ 5.6 ಎಲ್ಲಿಂದ ಬಂತು ಎಂದು ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ತಕ್ಷಣ ಹೊಳೆಯುತ್ತದೆ. ಟ್ಯೂಬಿನೊಳಗೆ ಹೋದ ಮೇಲೂ ರಕ್ತಕಣಗಳು ಬದುಕಿಯೇ ಇರುತ್ತವೆ. ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಕೋಣೆಯ ತಾಪಮಾನದಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಖಾಲಿಯಾಗುತ್ತದೆ. "ನಾವು ಬೂದು ಮುಚ್ಚಳದ ಫ್ಲೂರೈಡ್ ಟ್ಯೂಬನ್ನೇ ಬಳಸಿದ್ದೆವಲ್ಲ" ಎನ್ನಬಹುದು. ಫ್ಲೂರೈಡ್ ತಡೆಯುವುದು ಗ್ಲೂಕೋಸ್ ಒಡೆಯುವ ಸರಪಳಿಯ ಕೊನೆಯ ಕಡೆಯ ಒಂದು ಕಿಣ್ವವನ್ನು. ಮೇಲಿನ ಹಂತಗಳು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತಲೇ ಇರುತ್ತವೆ. ಹಾಗಾಗಿ ಮೊದಲ ಒಂದೆರಡು ಗಂಟೆಯ ನಷ್ಟವನ್ನು ಅದು ಹೆಚ್ಚೇನೂ ತಡೆಯುವುದಿಲ್ಲ. ಸಿಟ್ರೇಟ್ ಸೇರಿದ ಟ್ಯೂಬ್ ಬೇಗ ತಡೆಯುತ್ತದೆ. ಅದಿಲ್ಲದಿದ್ದರೆ ಟ್ಯೂಬನ್ನು ಐಸ್ ನೀರಿನಲ್ಲಿಟ್ಟು, ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಬೇಕು.

ಈಗ ಅಜ್ಜಿಯ ಸಾಲಿಗೆ ಬನ್ನಿ. ಅದೂ ಕಾದಿದ್ದ ಟ್ಯೂಬ್. ಮೀಟರ್‌ನ 154ರಿಂದ, ತಡವಾಗದ ಗುಂಪಿನ ಶೇ. 3.6 ತೆಗೆದು ನೋಡಿದರೆ 148ರ ಆಸುಪಾಸು ಬರುತ್ತದೆ. ಅವರ ಚೀಟಿಯಲ್ಲಿ ಇರಬೇಕಾಗಿದ್ದದ್ದು ಬಹುಶಃ ಅದು. 14ರ ವ್ಯತ್ಯಾಸದಲ್ಲಿ ಮೀಟರಿನ ಪಾಲು ಸುಮಾರು 6. ಉಳಿದ 8 ನಮ್ಮ ಟ್ರೇಯದ್ದು. ಮೀಟರಿನಿಂದ 10.5 ಕಳೆದುಬಿಡೋಣ ಎಂದು ಹೊರಟಿದ್ದರೆ, ಲ್ಯಾಬಿನ ತಪ್ಪನ್ನು ಅವರ ಮೀಟರಿನ ತಲೆಗೆ ಕಟ್ಟಿದಂತಾಗುತ್ತಿತ್ತು. ಹಳೆಯ ವಿಧಾನ, ದೊಡ್ಡ ಯಂತ್ರ ಎಂದ ಮಾತ್ರಕ್ಕೆ ಅದೇ ನಿಜವಾದ ಬೆಲೆ ಎಂದು ಈ ಲೆಕ್ಕ ಎಲ್ಲೂ ಹೇಳುವುದಿಲ್ಲ. ಎರಡು ವಿಧಾನಗಳ ನಡುವಿನ ಅಂತರ ಎಷ್ಟು ಎಂದಷ್ಟೇ ಹೇಳುತ್ತದೆ.

ಪಟ್ಟಿಯಲ್ಲಿ ಒಳ್ಳೆಯ ಆರು ಸಾಲನ್ನು ಮಾತ್ರ ಉಳಿಸಿಕೊಂಡು ಫಲಿತಾಂಶ ಬರೆಯಬಹುದೇ? ಬೇಡ. ಆರು ಸಾಲಿನಿಂದ ಮಿತಿ ಎಳೆಯಲಾಗದು. ಕಾರಣ ಗೊತ್ತಾಯಿತು, ಈಗ ಸ್ಯಾಂಪಲ್ ಇಡುವ ಕ್ರಮ ಸರಿಪಡಿಸಿ ಹೊಸದಾಗಿ ಅಳೆಯಬೇಕು.

## ಲಕ್ಷಣ: ಮಿತಿಗಳು ಒಪ್ಪಿಗೆಯ ಒಳಗಿವೆ, ಆದರೆ ಸ್ಯಾಂಪಲ್ ಕಡಿಮೆ

ಮೇಲಿನ ಮಿತಿ ಶೇ. 12.3 ಬಂತು, ನಮ್ಮ ಗಡಿ ಶೇ. 15, ಹಾಗಾಗಿ ಸರಿ ಎಂದು ಬರೆಯುವ ಮೊದಲು ತಡೆಯಿರಿ. ಬೇರೆ 12 ಜನ ಬಂದಿದ್ದರೆ ಮಿತಿ ಬೇರೆಡೆ ಬೀಳುತ್ತಿತ್ತು. ಎಷ್ಟು ಬೇರೆಡೆ ಎಂದು ಅಂದಾಜು ಮಾಡಲು ಒಂದು ಸಣ್ಣ ಸೂತ್ರ ಇದೆ.

```
=F2*SQRT(3/12)*T.INV.2T(0.05,11)
```

F2ರಲ್ಲಿ ಶೇಕಡಾ ವ್ಯತ್ಯಾಸದ ಎಸ್‌ಡಿ 3.0 ಇದ್ದರೆ ಉತ್ತರ 3.3. ಅಂದರೆ ಮೇಲಿನ ಮಿತಿ ಶೇ. 9ರಿಂದ ಶೇ. 15.6ರ ನಡುವೆ ಎಲ್ಲಾದರೂ ಇರಬಹುದು. ಅದು ನಮ್ಮ ಗಡಿಯನ್ನು ದಾಟುತ್ತದೆ. ಎರಡು ಗುಡ್ಡದ ತೊಂದರೆ ಇಲ್ಲದಿದ್ದರೂ, ಈ 12 ಜನರ ಮೇಲೆ ನಿಂತು ಮೀಟರ್ ಪಾಸ್ ಎನ್ನಲು ಆಗುತ್ತಿರಲಿಲ್ಲ.

ಕನಿಷ್ಠ 40 ಜನ ಬೇಕು. 100 ಇದ್ದರೆ ಮಿತಿಯ ಅನಿಶ್ಚಿತತೆ ಎಸ್‌ಡಿಯ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 40 ಎಂದರೆ 40 ಬೇರೆ ಬೇರೆ ಜನ. ಹತ್ತು ಜನರನ್ನು ನಾಲ್ಕು ನಾಲ್ಕು ಸಲ ಅಳೆದು 40 ಎನ್ನುವುದು ತಪ್ಪು. ಒಬ್ಬರದೇ ನಾಲ್ಕು ಅಳತೆ ಒಂದನ್ನೊಂದು ಹೋಲುತ್ತವೆ. ಅವನ್ನು ಬೇರೆ ಬೇರೆ ಜನರೆಂದು ಲೆಕ್ಕ ಹಾಕಿದರೆ ಮಿತಿಗಳು ಸುಳ್ಳೇ ಖಚಿತವಾಗಿ ಕಾಣುತ್ತವೆ. ಹಾಗೆ ಅಳೆದಿದ್ದರೆ ಅದಕ್ಕೆ ಬೇರೆ ಲೆಕ್ಕ ಇದೆ, ಸಂಖ್ಯಾಶಾಸ್ತ್ರ ಬಲ್ಲವರ ಸಹಾಯ ಪಡೆಯಿರಿ.

## ಲಕ್ಷಣ: ಎಲ್ಲ ಸರಿಪಡಿಸಿದರೂ ಮಿತಿಗಳು ಅಗಲವಾಗಿಯೇ ಇವೆ

ಇನ್ನು ಖರ್ಚಿನ ಪರೀಕ್ಷೆ. ಪ್ರತಿ ವಿಧಾನವನ್ನೂ ಅದರದೇ ಜೊತೆ ಹೋಲಿಸಿ. ಒಂದೇ ರಕ್ತವನ್ನು ಅದೇ ಮೀಟರ್‌ನಲ್ಲಿ ಬೆನ್ನಿಗೆ ಬೆನ್ನು ಎರಡು ಸಲ ಅಳೆಯಿರಿ. ಲ್ಯಾಬಿನಲ್ಲೂ ಹಾಗೆಯೇ. ಸ್ಟ್ರಿಪ್‌ಗಳು ಇದಕ್ಕೇ ಎರಡರಷ್ಟು ಬೇಕು. ತನ್ನ ಜೊತೆಯೇ ಹೊಂದದ ಮೀಟರ್ ಇನ್ನೊಂದರ ಜೊತೆ ಹೊಂದುವುದು ಸಾಧ್ಯವಿಲ್ಲ.

ಉದಾಹರಣೆಗೆ ಲ್ಯಾಬಿನ ಸ್ವಂತ ಓಲಾಟ ಶೇ. 1.5, ಮೀಟರಿನದು ಶೇ. 4 ಎಂದುಕೊಳ್ಳಿ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 4.3. ಅದನ್ನು 1.96ರಿಂದ ಗುಣಿಸಿದರೆ 8.4. ಅಂದರೆ ಬೇರೆ ಯಾವ ದೋಷ ಇಲ್ಲದಿದ್ದರೂ ಮಿತಿಗಳು ಸರಾಸರಿಯ ಆಚೀಚೆ ಶೇ. 8.4ರಷ್ಟು ಇದ್ದೇ ಇರುತ್ತವೆ. ನಿಮಗೆ ಬಂದದ್ದು 9 ಆಗಿದ್ದರೆ ಹುಡುಕಲು ಹೆಚ್ಚೇನೂ ಉಳಿದಿಲ್ಲ, ಮೀಟರೇ ಅಷ್ಟು. ಬಂದದ್ದು 16 ಆಗಿದ್ದರೆ ಇನ್ನೂ ಏನೋ ಇದೆ. ಅದು ಕೆಲವು ರೋಗಿಗಳಲ್ಲಿ ಮಾತ್ರ ಕಾಣುವಂಥದ್ದು.

ಆಗ ರಕ್ತಕಣದ ಪ್ರಮಾಣ, ಅಂದರೆ ಪಿಸಿವಿ ನೋಡಿ. ರಕ್ತಹೀನತೆ ಇರುವವರಲ್ಲಿ ಪಿಸಿವಿ ಕಡಿಮೆ. ಬಹಳಷ್ಟು ಮೀಟರ್‌ಗಳು ಅಲ್ಲಿ ಗ್ಲೂಕೋಸನ್ನು ಜಾಸ್ತಿ ಓದುತ್ತವೆ. ಪಿಸಿವಿ ಹೆಚ್ಚಿದ್ದರೆ ಕಡಿಮೆ ಓದುತ್ತವೆ. ವ್ಯತ್ಯಾಸವನ್ನು ಪಿಸಿವಿಯ ಎದುರು ಗ್ರಾಫ್ ಹಾಕಿದಾಗ ಇಳಿಜಾರು ಕಂಡರೆ ಕಾರಣ ಸಿಕ್ಕಿತು. ಸ್ಟ್ರಿಪ್ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಯಾವ ಪಿಸಿವಿಯಿಂದ ಯಾವುದರವರೆಗೆ ನಂಬಬಹುದು ಎಂದು ಬರೆದಿರುತ್ತದೆ. ಅದರ ಆಚೆಗಿನವರಿಗೆ ಆ ಮೀಟರ್ ಬೇಡ.

## ಇಲ್ಲಿ ನಿಲ್ಲಿಸಿ, ಸಹಾಯ ಕೇಳಿ

ವ್ಯತ್ಯಾಸ ಗ್ಲೂಕೋಸ್ ಕಡಿಮೆ ಇರುವ ಕಡೆಯೇ ದೊಡ್ಡದಾಗಿದ್ದು, ಮೀಟರ್ ಮೇಲೆ ಓದುತ್ತಿದ್ದರೆ ಹೋಲಿಕೆ ಮುಂದುವರಿಸಬೇಡಿ. ಇಳಿದಿರುವ ಸಕ್ಕರೆಯನ್ನು ಅದು ಸರಿಯಾಗಿದೆ ಎಂದು ತೋರಿಸುತ್ತಿದೆ. ಆ ಮೀಟರನ್ನು ಬಳಕೆಯಿಂದ ತೆಗೆದು ವೈದ್ಯರಿಗೆ ತಿಳಿಸಿ.

ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ವೈದ್ಯರನ್ನು ಕೇಳದೆ ಹೋಲಿಕೆಗೆ ಸೇರಿಸಬೇಡಿ. ಅವರ ದ್ರವದಲ್ಲಿ ಐಕೋಡೆಕ್ಸ್‌ಟ್ರಿನ್ ಇದ್ದರೆ ದೇಹದಲ್ಲಿ ಮಾಲ್ಟೋಸ್ ಸೇರಿಕೊಳ್ಳುತ್ತದೆ. ಕೆಲವು ಬಗೆಯ ಸ್ಟ್ರಿಪ್‌ಗಳು ಅದನ್ನೂ ಗ್ಲೂಕೋಸ್ ಎಂದೇ ಓದುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಐಸಿಯುನಲ್ಲಿರುವವರು, ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾದವರಲ್ಲೂ ಬೆರಳಿನ ರಕ್ತ ನಂಬಿಕೆಗೆ ಸಾಲದು.

ಲ್ಯಾಬಿನ ಯಂತ್ರದ ಮೇಲೆಯೇ ಅನುಮಾನ ಬಂದರೆ ಮೊದಲು ಅವತ್ತಿನ ಕಂಟ್ರೋಲ್ ಅಂಕಿಗಳನ್ನು, ಅಂದರೆ ಬೆಲೆ ಮೊದಲೇ ಗೊತ್ತಿರುವ ಸ್ಯಾಂಪಲ್ಲಿಗೆ ಯಂತ್ರ ಕೊಟ್ಟ ಅಂಕಿಗಳನ್ನು ನೋಡಿ. ಅವು ಹೊರಗಿದ್ದರೆ ಹೋಲಿಕೆಯ ಆ ದಿನದ ಸಾಲುಗಳೆಲ್ಲ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಅವತ್ತು ಹೊರಗೆ ಹೋದ ರಿಪೋರ್ಟ್‌ಗಳನ್ನೂ ಲ್ಯಾಬಿನ ಮುಖ್ಯಸ್ಥರು ಮತ್ತೆ ನೋಡಬೇಕು.

ಕೊನೆಗೆ ಹೊಸ ಸ್ಯಾಂಪಲ್‌ಗಳಿಂದ ಫಲಿತಾಂಶ ಬಂದಾಗ ರಿಪೋರ್ಟಿನಲ್ಲಿ ಹೀಗೆ ಬರೆಯಿರಿ: ಎಷ್ಟು ಜನ, ಗ್ಲೂಕೋಸ್ ಎಷ್ಟರಿಂದ ಎಷ್ಟರವರೆಗೆ, ಯಾವುದರಿಂದ ಯಾವುದನ್ನು ಕಳೆದದ್ದು, ಸರಾಸರಿ ವ್ಯತ್ಯಾಸ, ಎರಡು ಮಿತಿಗಳು, ಅವುಗಳ ಅನಿಶ್ಚಿತತೆ, ಮೊದಲೇ ಬರೆದಿಟ್ಟ ಗಡಿ, ರಕ್ತ ತೆಗೆದು ಎಷ್ಟು ನಿಮಿಷಕ್ಕೆ ಸ್ಪಿನ್ ಆಯಿತು. ಕೊನೆಯದನ್ನು ಬರೆಯುವವರು ಕಡಿಮೆ. ಅಜ್ಜಿಯ 14ರಲ್ಲಿ 8 ಮಿಲಿಗ್ರಾಂ ಅಡಗಿದ್ದದ್ದು ಆ ನಿಮಿಷಗಳಲ್ಲಿ.